ಕಚ್ಚಿದ್ದು ಯಾವಾಗ? ಕೊಡಗಿನ ಒಂದು ಕೇಸ್ ಶೀಟ್ ನೋಡುತ್ತಾ

ಹಾವು ಕಚ್ಚಿದವರ ಕೇಸ್ ರೆಕಾರ್ಡಿನಲ್ಲಿ ‘ಕಚ್ಚಿದ ಸಮಯ’ ಅಂತ ಒಂದೇ ಖಾನೆ ಇದ್ದರೆ ಕೊಡಗಿಗೆ ಅದು ಸಾಲದು. ಅಲ್ಲಿ ಎರಡು ಖಾನೆ ಬೇಕು. ನಾನು ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಒಂದು ಸಣ್ಣ ಊರಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯೂ ಹಾವಿನ ಕಾಟ ಜಾಸ್ತಿ. ಆದರೆ ಇಲ್ಲಿ ಬರುವವರಲ್ಲಿ ಹೆಚ್ಚಿನವರು ಎಚ್ಚರವಾಗಿದ್ದಾಗಲೇ ಕಚ್ಚಿಸಿಕೊಂಡವರು. ತಕ್ಷಣ ಕಾಲಿಗೆ ಉದ್ದಕ್ಕೂ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡದ ಹಾಗೆ ಮಲಗಿಸಿ ಕರೆತರುತ್ತಾರೆ. ಎಷ್ಟು ಗಂಟೆಗೆ ಕಚ್ಚಿತು ಅಂದರೆ ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಖಾನೆ ಸಾಕಾಗುತ್ತದೆ.

ಸೋಮವಾರಪೇಟೆ ಕಡೆಯ ತೋಟದ ಲೈನ್ ಮನೆಯಲ್ಲಿ ಮಳೆಗಾಲದ ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಕತೆಯೇ ಬೇರೆ. ಅಲ್ಲಿ ಕಚ್ಚುವುದು ಬಹಳ ಸಲ ಕಟ್ಟುಹಾವು, ಅಂದರೆ ಕ್ರೇಟ್. ಕಚ್ಚಿದ್ದು ನೋಯುವುದಿಲ್ಲ, ಊತ ಬರುವುದಿಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗದೆ ಇರಬಹುದು. ಮಧ್ಯರಾತ್ರಿ ಹೊಟ್ಟೆನೋವು ಶುರುವಾಗುತ್ತದೆ, ಬೆಳಗಿನ ಜಾವಕ್ಕೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ಹಾವು ಕಚ್ಚಿದೆ ಅಂತ ಮನೆಯವರಿಗೆ ಹೊಳೆಯುವುದೇ ಆಗ.

ಅಂಥ ಒಂದು ಕೇಸಿನ ಕಾಗದಗಳನ್ನು ನಮ್ಮೂರ ಕಡೆಯ ಆಸ್ಪತ್ರೆಯೊಂದರಲ್ಲಿರುವ ನನ್ನ ಜೂನಿಯರ್ ಡಾಕ್ಟರ್ ಹೆಸರು ಅಳಿಸಿ ಕಳಿಸಿದ್ದ. ಗುರುತು ಸಿಗದ ಹಾಗೆ ಇಲ್ಲಿ ನಾನೂ ಕೆಲವು ವಿವರ ಬದಲಿಸಿದ್ದೇನೆ. ಮೂವತ್ತರ ಆಸುಪಾಸಿನ ಹೆಂಗಸು, ತೋಟದ ಕೆಲಸದವರು. ಕ್ಯಾಜುವಲ್ಟಿ ಶೀಟಿನ ಮೊದಲ ಸಾಲಿನಲ್ಲೇ ‘ಬೆಳಗ್ಗೆ 5ಕ್ಕೆ ಹಾವು ಕಚ್ಚಿದೆ’ ಅಂತ ಇದೆ. ಅದರ ಕೆಳಗೆ ‘6:05, ಎಎಸ್‌ವಿ 10 ವಯಲ್’. ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧಿ. ಮುಂದಿನ ಹಾಳೆಯಲ್ಲಿ ‘8:10ಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್’. ಬರೀ ಈ ಮೂರು ಸಾಲು ಓದಿದರೆ ಏನನಿಸುತ್ತದೆ? ಕಚ್ಚಿ ಒಂದೇ ಗಂಟೆಯಲ್ಲಿ ಔಷಧಿ ಸಿಕ್ಕಿದೆ, ಆದರೂ ಕೈಕೊಟ್ಟಿದೆ ಅಂತ ಅಲ್ವಾ? ಅವನೂ ಹಾಗೇ ಕೇಳಿದ: “ಅಣ್ಣಾ, ಈ ಬ್ಯಾಚಿನ ಎಎಸ್‌ವಿಯೇ ಸರಿ ಇಲ್ವಾ?”

“ಐದು ಗಂಟೆ ಅಂತ ಹೇಳಿದ್ದು ಯಾರು, ಅದನ್ನ ಮೊದಲು ಕೇಳು,” ಅಂದೆ.

ಹೇಳಿದ್ದು ತೋಟದ ಲೆಕ್ಕ ಬರೆಯುವ ರೈಟರ್. ಜೀಪಿನಲ್ಲಿ ಕರೆತಂದವರು ಅವರೇ. ಅವರಿಗೆ ಫೋನ್ ಬಂದದ್ದು 5:02ಕ್ಕೆ, ಕಾಲ್ ಲಿಸ್ಟಿನಲ್ಲಿ ಹಾಗೇ ಇದೆ. ಅವರು ಹೇಳಿದ್ದು ತಮಗೆ ಗೊತ್ತಾದ ಹೊತ್ತನ್ನು. ಗಡಿಬಿಡಿಯಲ್ಲಿ ಬರೆದವರು ಅದನ್ನೇ ಕಚ್ಚಿದ ಹೊತ್ತು ಮಾಡಿಬಿಟ್ಟರು. ಗಂಡನನ್ನು ಕೂರಿಸಿ ಕೇಳಿದಾಗ ಬೇರೆ ಎರಡು ಗಂಟೆಗಳು ಸಿಕ್ಕವು. ರಾತ್ರಿ 10ಕ್ಕೆ ಊಟ ಮುಗಿಸಿ ಚೆನ್ನಾಗಿಯೇ ಮಲಗಿದ್ದರು. 2:30ಕ್ಕೆ ಹೊಟ್ಟೆ ಹಿಡಿದುಕೊಂಡು ಎದ್ದರು. ಕರೆಂಟ್ ಇರಲಿಲ್ಲ. ಟಾರ್ಚ್ ಹಾಕಲು ಮೊಬೈಲ್ ತೆಗೆದಾಗ ಅವನು ಗಂಟೆ ನೋಡಿದ್ದ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ಕೊಟ್ಟು ಮಲಗಿಸಿದ್ದ.

ಹಾಗಾದರೆ ಹಾವು ಕಚ್ಚಿದ್ದು 10ರಿಂದ 2:30ರ ಒಳಗೆ ಯಾವಾಗಲೋ. ಅದಕ್ಕಿಂತ ಹೆಚ್ಚು ಯಾರಿಂದಲೂ ಹೇಳಲು ಆಗುವುದಿಲ್ಲ. ರೆಕಾರ್ಡಿನಲ್ಲೂ ಅಷ್ಟೇ ಇರಬೇಕು: ‘ಕೊನೆಗೆ ಚೆನ್ನಾಗಿದ್ದದ್ದು 22:00, ಮೊದಲ ತೊಂದರೆ 02:30’. ನಡುವಿನ ಒಂದು ಗಂಟೆ ಆರಿಸಿ ಹಾಕಬಾರದು. ಪಕ್ಕದಲ್ಲಿ ಅದು ಹೇಗೆ ಗೊತ್ತಾಯಿತು ಅಂತಲೂ ಬರೆಯಬೇಕು: ಗಂಡ ಮೊಬೈಲಿನಲ್ಲಿ ನೋಡಿದ್ದು, ನೆನಪಿನಿಂದ ಹೇಳಿದ್ದು, ಫೋನಿನಲ್ಲೇ ಉಳಿದಿದ್ದು. ಮೂರಕ್ಕೂ ಒಂದೇ ತೂಕ ಇಲ್ಲ. ರಾತ್ರಿ ದಾಟುವ ಕೇಸಾದ್ದರಿಂದ ತಾರೀಖು ಬೇಕು, 24 ಗಂಟೆಯ ಲೆಕ್ಕವೂ ಬೇಕು.

ಔಷಧಿಯ ಹೊತ್ತಿನಲ್ಲೂ ಇಂಥದ್ದೇ ಒಂದು ಎಡವಟ್ಟು ಇತ್ತು. 6:05 ಅನ್ನುವುದು ಡಾಕ್ಟರ್ ಬರೆದುಕೊಟ್ಟ ಹೊತ್ತು. ನಮ್ಮ ಎಎಸ್‌ವಿ ಸಾಮಾನ್ಯವಾಗಿ ಪುಡಿ ರೂಪದಲ್ಲಿ ಬರುತ್ತದೆ. ಒಂದೊಂದು ವಯಲ್‌ಗೂ 10 ಎಂಎಲ್ ನೀರು ಹಾಕಿ, ಕುಲುಕದೆ, ಮೆಲ್ಲಗೆ ತಿರುಗಿಸುತ್ತಾ ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಹತ್ತು ವಯಲ್ ಕರಗುವುದಕ್ಕೆ ಹೊತ್ತು ಹಿಡಿಯುತ್ತದೆ. ಸಿಸ್ಟರ್ ಬರೆದ ಡ್ರಗ್ ಚಾರ್ಟಿನಲ್ಲಿ ಡ್ರಿಪ್ ಶುರುವಾದದ್ದು 6:25 ಅಂತ ಸ್ಪಷ್ಟವಾಗಿದೆ. ನಿಜವಾದ ಅಂತರ ಈಗ ಸಿಕ್ಕಿತು: ಕಚ್ಚಿದ ಮೇಲೆ ಕಡಿಮೆ ಅಂದರೆ 3 ಗಂಟೆ 55 ನಿಮಿಷ, ಜಾಸ್ತಿ ಅಂದರೆ 8 ಗಂಟೆ 25 ನಿಮಿಷ.

ಈ ಅಂತರದಿಂದ ಕೇಸಿನ ಅರ್ಥವೇ ಬದಲಾಗುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಎಎಸ್‌ವಿ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಲೇ ಕೆಟ್ಟಿರುವ ನರದ ತುದಿಯನ್ನು ರಿಪೇರಿ ಮಾಡುವುದಿಲ್ಲ. ಅದು ತಾನಾಗಿ ಬೆಳೆಯಬೇಕು, ಅದಕ್ಕೆ ದಿನಗಳೇ ಬೇಕು. ನಾಗರಹಾವಿನ ವಿಷಕ್ಕೆ ಚೆನ್ನಾಗಿ ಸಹಾಯವಾಗುವ ನಿಯೋಸ್ಟಿಗ್ಮಿನ್ ಕೂಡ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಇವರಿಗೆ 7:10ಕ್ಕೆ ಅಟ್ರೋಪಿನ್ ಜೊತೆ ಅದನ್ನು ಕೊಟ್ಟು, ಅರ್ಧ ಗಂಟೆ ಬಿಟ್ಟು ನೋಡಿದರೂ ರೆಪ್ಪೆ ಒಂದಿಷ್ಟೂ ಮೇಲೆ ಬಂದಿರಲಿಲ್ಲ. ಡ್ರಿಪ್ ಹೋಗುತ್ತಿರುವಾಗಲೇ ಉಸಿರು ಸೋತದ್ದು ಔಷಧಿ ಕೆಟ್ಟಿದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ಕಚ್ಚಿದ ಗಂಟೆ ಗೊತ್ತಿಲ್ಲದ ಕೇಸಿನಲ್ಲಿ ನಾನು ಡ್ರಿಪ್ ಶುರುವಾದ ನಿಮಿಷವನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತೇನೆ. ಉಳಿದದ್ದನ್ನೆಲ್ಲ ಅದರ ಹಿಂದೆ ಮುಂದೆ ಸಾಲಾಗಿ ಬರೆಯುತ್ತೇನೆ. ಎಎಸ್‌ವಿಯಿಂದ ಇವರಿಗೆ ಅಲರ್ಜಿ ಶುರುವಾದದ್ದು 6:45ಕ್ಕೆ, ಅಂದರೆ 20ನೇ ನಿಮಿಷಕ್ಕೆ. ಮೈಯೆಲ್ಲ ತುರಿಕೆ, ದದ್ದು, ಬಿಪಿ ಮೇಲಿನದು 80. ಡ್ರಿಪ್ ನಿಲ್ಲಿಸಿ, 6:47ಕ್ಕೆ ತೊಡೆಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟಿದ್ದಾರೆ. 7:05ಕ್ಕೆ ಮತ್ತೆ ನಿಧಾನವಾಗಿ ಶುರು ಮಾಡಿ, 8:10ಕ್ಕೆ ಮುಗಿಸಿದ್ದಾರೆ. ಒಳ್ಳೆಯ ಕೆಲಸ ಮಾಡಿದ್ದಾರೆ. ಆದರೆ ಕೇಸ್ ಶೀಟಿನಲ್ಲಿ ಇದೆಲ್ಲ ‘ರಿಯಾಕ್ಷನ್ ಬಂತು, ಮ್ಯಾನೇಜ್ ಮಾಡಲಾಯಿತು’ ಅನ್ನುವ ಒಂದೇ ಸಾಲಿನಲ್ಲಿ ಮುಗಿದಿತ್ತು. ನಿಲ್ಲಿಸುವ ಹೊತ್ತಿಗೆ ಎಷ್ಟು ಔಷಧಿ ಒಳಗೆ ಹೋಗಿತ್ತು ಅನ್ನುವುದನ್ನು ಬಾಟಲಿಯ ಗೆರೆ ನೋಡಿ ಯಾರಾದರೂ ಬರೆದಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಗಂಟೆಯ ಡ್ರಿಪ್ ಇಪ್ಪತ್ತು ನಿಮಿಷ ಓಡಿದೆ, ಸುಮಾರು ಮೂರನೇ ಒಂದು ಭಾಗ ಅಂತ ನಾವು ಲೆಕ್ಕ ಹಾಕಿದೆವು. ರೆಕಾರ್ಡಿನಲ್ಲಿ ಅದನ್ನು ‘ಅಂದಾಜು’ ಅಂತಲೇ ಬರೆಸಿದೆ.

ಈಗ ನರದ ಪರೀಕ್ಷೆಗೆ ಬರೋಣ. ನನಗೆ ಹೆಚ್ಚು ಬೇಸರ ಆದದ್ದು ಇಲ್ಲಿ, ಹೆಚ್ಚು ಖುಷಿ ಆದದ್ದೂ ಇಲ್ಲೇ. ಅಲ್ಲಿ ಬಳಸಿದ್ದ ಚಾರ್ಟ್ ತಲೆಗೆ ಪೆಟ್ಟಾದವರಿಗೆ ಬಳಸುವ ಜಿಸಿಎಸ್ ಚಾರ್ಟ್. ಅದರಲ್ಲಿ ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಕೈ ಆಡಿಸುತ್ತಾರಾ ಅಂತ ನೋಡಿ ಅಂಕ ಕೊಡುತ್ತಾರೆ. ಕಟ್ಟುಹಾವು ಕಚ್ಚಿದವರು ಪೂರ್ತಿ ಎಚ್ಚರವಾಗಿದ್ದೇ ಕಣ್ಣು ಬಿಡಲಾರರು. ಅಂಕ ಬಿದ್ದುಹೋಗುತ್ತದೆ, ಓದಿದವರು ಪ್ರಜ್ಞೆ ತಪ್ಪಿದೆ ಅಂದುಕೊಳ್ಳುತ್ತಾರೆ. ನಾನಿರುವ ಕಡೆಯೂ ಮಾಮೂಲಿ ಚಾರ್ಟ್ ಅದೇ. ಆದರೆ ಹಾವಿನ ಕೇಸು ಅಂದ ಕೂಡಲೇ ನಾವು ಬೇರೆ ನಾಲ್ಕು ಸಾಲು ಎಳೆದುಕೊಳ್ಳುತ್ತೇವೆ: ಮೇಲೆ ನೋಡಿ ಅಂದಾಗ ಎರಡು ರೆಪ್ಪೆಗಳ ನಡುವೆ ಎಷ್ಟು ಮಿಲಿಮೀಟರ್, ನಾಲಿಗೆ ಹಲ್ಲು ದಾಟಿ ಬರುತ್ತದಾ, ದಿಂಬಿನಿಂದ ತಲೆ ಎತ್ತುತ್ತಾರಾ, ಒಂದೇ ಉಸಿರಿನಲ್ಲಿ ಎಷ್ಟರ ತನಕ ಎಣಿಸುತ್ತಾರೆ. ಪ್ರತಿ ಸಲವೂ ಇವೇ ನಾಲ್ಕು, ಒಂದೇ ರೀತಿ.

ಕೊಡಗಿನ ಆ ಕಾಗದಗಳಲ್ಲಿ ಇವು ಒಂದೇ ಜಾಗದಲ್ಲಿ ಇರಲಿಲ್ಲ ಅಷ್ಟೇ. ಹುಡುಕಿದರೆ ಸಿಕ್ಕವು. 5:55ಕ್ಕೆ ಡ್ಯೂಟಿ ಡಾಕ್ಟರ್ ಶೀಟಿನ ಅಂಚಿನಲ್ಲಿ ‘ರೆಪ್ಪೆ 4 ಮಿ.ಮೀ., ಉಸಿರೆಣಿಕೆ 18’ ಅಂತ ಗೀಚಿದ್ದರು. 7:30ಕ್ಕೆ ಸಿಸ್ಟರ್ ಕನ್ನಡದಲ್ಲೇ ‘ತಲೆ ಎತ್ತಕ್ಕೆ ಆಗ್ತಿಲ್ಲ, 9ರ ತನಕ ಎಣಿಸಿದರು’ ಅಂತ ಬರೆದಿದ್ದರು. 8:00ಕ್ಕೆ ಎಣಿಕೆ 4, ಉಸಿರು ಎಳೆದಾಗ ಹೊಟ್ಟೆ ಒಳಗೆ ಹೋಗುತ್ತಿದೆ. ಮೂರನ್ನೂ ಒಂದರ ಕೆಳಗೆ ಒಂದು ಇಟ್ಟರೆ 18, 9, 4. ಟ್ಯೂಬ್ ಹಾಕುವ ತೀರ್ಮಾನ ಯಾಕೆ ಸರಿ ಅಂತ ಬೇರೆ ಯಾರೂ ವಿವರಿಸಬೇಕಿಲ್ಲ. ಆಕ್ಸಿಜನ್ ಮಾತ್ರ ಆಗಲೂ 94 ಇತ್ತು. ಅದನ್ನೊಂದನ್ನೇ ನೋಡಿಕೊಂಡು ಕೂತಿದ್ದರೆ ತಡವಾಗುತ್ತಿತ್ತು.

7:00ರ ಸಾಲು ಖಾಲಿ ಇತ್ತು. ಅಲರ್ಜಿಯ ಗಲಾಟೆಯಲ್ಲಿ ಯಾರೂ ನೋಡಿಲ್ಲ. ಹುಡುಗ ಅಲ್ಲಿ ‘ಮೊದಲಿನಂತೆಯೇ’ ಅಂತ ತುಂಬಲು ಹೊರಟಿದ್ದ. ಬೇಡ ಅಂದೆ. ‘ಪರೀಕ್ಷೆ ಆಗಿಲ್ಲ’ ಅಂತ ಬರೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ‘ಮೊದಲಿನಂತೆಯೇ’ ಅಂದರೆ 7ರ ತನಕ ಚೆನ್ನಾಗಿದ್ದು ಆಮೇಲೆ ಏಕಾಏಕಿ ಕುಸಿದರು ಅನ್ನುವ ಸುಳ್ಳು ಕತೆ ಹುಟ್ಟುತ್ತದೆ.

ವೆಂಟಿಲೇಟರ್ ಹಾಕಿದ ಮೇಲೆ ಎಣಿಕೆ, ನಾಲಿಗೆ ಎರಡನ್ನೂ ನೋಡುವ ದಾರಿ ಹೋಯಿತು. ಮರುದಿನ ಕಣ್ಣಿನ ಪಾಪೆ ದೊಡ್ಡದಾಗಿ, ಬೆಳಕಿಗೆ ಕಿರಿದಾಗದೆ ನಿಂತಿತ್ತು. ಕೈಕಾಲು ಅಲ್ಲಾಡುತ್ತಿರಲಿಲ್ಲ. ಇಂಥದ್ದನ್ನು ಮೆದುಳು ಸತ್ತಿದೆ ಅಂತ ತಪ್ಪು ತಿಳಿಯುವ ಅಪಾಯ ನಿಜಕ್ಕೂ ಇದೆ. ಕಟ್ಟುಹಾವಿನ ವಿಷದಲ್ಲಿ ಪಾಪೆಯೂ ಸೋಲಬಹುದು, ಮನುಷ್ಯ ಒಳಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. ಆ ರಾತ್ರಿಯ ನರ್ಸಿಂಗ್ ನೋಟಿನಲ್ಲಿ ಒಂದು ಸಾಲಿದೆ: ‘ಅಕ್ಕ, ಹೆಬ್ಬೆರಳು ಆಡ್ಸಿ ಅಂದೆ, ಎಡಗಾಲಿನದು ಸ್ವಲ್ಪ ಆಡಿತು. ಎರಡು ಸಲ ಹೇಳಿದೆ, ಎರಡು ಸಲವೂ ಆಡಿತು. 02:40.’ ನಾನು ಬಲ್ಲ ಯಾವ ಅಚ್ಚಾದ ಚಾರ್ಟಿನಲ್ಲೂ ಇದಕ್ಕೆ ಜಾಗ ಇಲ್ಲ. ರೆಕಾರ್ಡಿನಲ್ಲಿ ಅದನ್ನು ಅವರ ಮಾತಿನಲ್ಲೇ ಉಳಿಸಿದೆವು. ನಿದ್ದೆಯ ಔಷಧಿ ಎಷ್ಟು ಗಂಟೆಗೆ ಕೊಟ್ಟಿದ್ದರು ಅನ್ನುವುದನ್ನು ಪಕ್ಕದಲ್ಲೇ ಬರೆದೆವು. ಅದಿಲ್ಲದೆ ಕೈಕಾಲು ಆಡದ್ದು ವಿಷದಿಂದಲೋ ಔಷಧಿಯಿಂದಲೋ ಅಂತ ಹೇಳಲಾಗುವುದಿಲ್ಲ.

ಇಲ್ಲಿನ ಫಾರಂ ಅನ್ನು ಹಾಗೇ ತಂದು ಕೊಡಗಿನಲ್ಲಿ ಹಾಕಿ ಅಂತ ನಾನು ಹೇಳುವುದಿಲ್ಲ. ಅದು ಬೇರೆ ಹಾವು, ಬೇರೆ ಔಷಧಿ ನೋಡಿ ಮಾಡಿದ್ದು. ಇಲ್ಲಿಂದ ಬೇಕಾದದ್ದು ಆ ನಾಲ್ಕು ಸಾಲಿನ ಶಿಸ್ತು ಮತ್ತು ಖಾಲಿಯನ್ನು ಖಾಲಿಯಾಗಿಯೇ ಬಿಡುವ ಅಭ್ಯಾಸ. ಯಾರು ಏನು ಹೇಳಿದರು ಅನ್ನುವುದನ್ನು ಅವರ ಬಾಯಿಮಾತಿನಲ್ಲೇ ಬರೆಯುವ ನಮ್ಮ ಸಿಸ್ಟರ್‌ಗಳ ರೂಢಿ ಇಲ್ಲಿಗೂ ಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಆ 5 ಗಂಟೆ ಹಾಗೇ ಮೇಲೆ ಹೋಗಿದ್ದರೆ ಒಳ್ಳೆಯ ಎಎಸ್‌ವಿಯ ಮೇಲೆ ಅಪವಾದವೂ ಅದರ ಜೊತೆಗೇ ಹೋಗುತ್ತಿತ್ತು.

ಐದನೇ ದಿನ ಅವರ ಟ್ಯೂಬ್ ತೆಗೆದರು. ಮನೆಗೆ ಹೋದ ಮೇಲೆ ರೆಕಾರ್ಡ್ ಮುಚ್ಚಲು ನಾನು ಬಿಡಲಿಲ್ಲ. ಎಎಸ್‌ವಿ ಕುದುರೆಯ ರಕ್ತದಿಂದ ಬರುವುದು. ಒಂದೆರಡು ವಾರದ ಒಳಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಬರಬಹುದು. ಅದನ್ನು ವೈರಲ್ ಜ್ವರ ಅಂದುಕೊಂಡು ಬೇರೆ ಕಡೆ ತೋರಿಸಿಕೊಂಡರೆ ಈ ಕಾಗದಕ್ಕೆ ಅದು ಸೇರುವುದೇ ಇಲ್ಲ. ರೈಟರ್ ನಂಬರಿಗೆ ಫೋನ್ ಮಾಡಿಸಿದೆ. ಮಣಿಕಟ್ಟು ನೋವಿತ್ತು, ಮೂರು ದಿನದಲ್ಲಿ ಹೋಯಿತಂತೆ. ಕೊನೆಯ ಸಾಲಿನಲ್ಲಿ ಅದನ್ನು ಬರೆದು, ‘ಫೋನಿನಲ್ಲಿ ಗಂಡ ಹೇಳಿದ್ದು, ಡಾಕ್ಟರ್ ನೋಡಿಲ್ಲ’ ಅಂತ ಸೇರಿಸಿದ್ದಾನೆ ಹುಡುಗ.