ಕೈಯಲ್ಲಿರುವ ಷೇರಿಗೆ ಪುಟ್ ಆಪ್ಷನ್‌ನ ವಿಮೆ ಬೇಕೇ?

ಪರ: ಎಷ್ಟು ಹೋಗಬಹುದು ಎಂಬುದು ಮೊದಲೇ ಗೊತ್ತಿರುತ್ತದೆ

ಒಬ್ಬರ ಬಳಿ ಒಂದೇ ಕಂಪನಿಯ 500 ಷೇರುಗಳಿವೆ, ಇವತ್ತಿನ ಬೆಲೆ 1,000 ಎಂದಿಟ್ಟುಕೊಳ್ಳಿ. ಮಾರಲು ಮನಸ್ಸಿಲ್ಲ. ಆದರೆ ಎರಡು ತಿಂಗಳಲ್ಲಿ ಆ ಕಂಪನಿಯ ಮೊಕದ್ದಮೆಯೊಂದರ ತೀರ್ಪು ಬರಲಿದೆ. ಅವರು ಮೂರು ತಿಂಗಳ ಅವಧಿಯ, 950ರ ಸ್ಟ್ರೈಕ್‌ನ ಪುಟ್ ಆಪ್ಷನ್ ಕೊಳ್ಳುತ್ತಾರೆ. ಪ್ರೀಮಿಯಂ ಷೇರಿಗೆ 25. ಲಾಟ್‌ಗೆ 100 ಷೇರಾದರೆ ಐದು ಲಾಟ್ ಬೇಕು, ಒಟ್ಟು ಖರ್ಚು 12,500.

ಇದರಿಂದ ಸಿಗುವುದು, ಮಾರುಕಟ್ಟೆಯ ಬೆಲೆ ಎಷ್ಟೇ ಇದ್ದರೂ, ಸ್ಟ್ರೈಕ್ ಎಂದು ಗೊತ್ತುಮಾಡಿಕೊಂಡ 950ಕ್ಕೇ ಮಾರುವ ಹಕ್ಕು. ಪ್ರೀಮಿಯಂ ಕಳೆದರೆ, ಎಕ್ಸ್‌ಪೈರಿಯ ದಿನ ಎಂದರೆ ಪುಟ್‌ನ ಅವಧಿ ಮುಗಿಯುವ ದಿನ, ಷೇರಿಗೆ 925 ಕೈಯಲ್ಲಿ ಉಳಿದೇ ಉಳಿಯುತ್ತದೆ. ಷೇರು 780ಕ್ಕೆ ಬಿದ್ದರೂ ಅಷ್ಟೇ, 500ಕ್ಕೆ ಬಿದ್ದರೂ ಅಷ್ಟೇ. ಏರಿದರೆ, 1,025 ದಾಟಿದ ಮೇಲಿನದ್ದೆಲ್ಲ ಲಾಭ.

ಇದಕ್ಕೆ ದುಡ್ಡೇಕೆ ಸುರಿಯಬೇಕು, 950ಕ್ಕೆ ಸ್ಟಾಪ್‌ಲಾಸ್ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಸ್ಟಾಪ್‌ಲಾಸ್ ಎಂಬುದು ಬೆಲೆ ಅಲ್ಲಿಗೆ ಬಂದಾಗ ಮಾರಿ ಎಂಬ ಸೂಚನೆ, ಆ ಬೆಲೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಲ್ಲ. ಸಂಜೆ ಮಾರುಕಟ್ಟೆ ಮುಚ್ಚಿದಾಗ 1,000 ಇದ್ದ ಷೇರು, ರಾತ್ರಿ ಕೆಟ್ಟ ಸುದ್ದಿ ಬಂದು, ಬೆಳಿಗ್ಗೆ ನೇರವಾಗಿ 780ಕ್ಕೆ ತೆರೆದರೆ ನಡುವಿನ ಯಾವ ಬೆಲೆಯಲ್ಲೂ ವ್ಯವಹಾರವೇ ನಡೆದಿರುವುದಿಲ್ಲ. ಸ್ಟಾಪ್‌ಲಾಸ್ 780ರ ಆಸುಪಾಸಿನಲ್ಲೇ ಮಾರಿಬಿಡುತ್ತದೆ. ನಾಲ್ಕು ದಿನದಲ್ಲಿ ಬೆಲೆ ಚೇತರಿಸಿಕೊಂಡರೆ ಷೇರೂ ಇಲ್ಲ, ಹಣವೂ ಇಲ್ಲ.

ಪುಟ್ ಇದ್ದವರಿಗೆ ಇನ್ನೊಂದು ದಾರಿ ಇದೆ. 780ರಲ್ಲಿ ಆ ಪುಟ್ ಹೆಚ್ಚುಕಡಿಮೆ 170 ಬಾಳುತ್ತದೆ. ಅದನ್ನು ಮಾತ್ರ ಮಾರಿ, ಬಂದ ಹಣ ಇಟ್ಟುಕೊಂಡು, ಷೇರನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಅಲ್ಲಿಂದಾಚೆಗೆ ರಕ್ಷಣೆ ಇರುವುದಿಲ್ಲ ಎಂಬುದು ಮಾತ್ರ ನೆನಪಿರಬೇಕು. ದಿನಾಂಕ ಗೊತ್ತಿರುವ, ಒಂದೇ ಏಟಿಗೆ ಬೀಳಿಸಬಲ್ಲ ಅಪಾಯಕ್ಕೆ ಇದರಷ್ಟು ಸರಿಹೊಂದುವ ಸಾಧನ ಇನ್ನೊಂದಿಲ್ಲ.

ವಿರೋಧ: ಷೇರು ಹಾಗೆ ಒಂದೇ ಏಟಿಗೆ ಬೀಳಬೇಕಲ್ಲ

ಮೇಲಿನ ಲೆಕ್ಕ ತಪ್ಪಲ್ಲ. ಆದರೆ ತೀರ್ಪು ಹೇಳಿದ ದಿನಕ್ಕೇ ಬರಬೇಕು, ಬೆಲೆ ಧಡಕ್ಕನೆ ಬೀಳಬೇಕು. ತೀರ್ಪು ಮುಂದಕ್ಕೆ ಹೋಯಿತೆನ್ನಿ. ಮೂರು ತಿಂಗಳ ಕೊನೆಗೆ ಷೇರು 960ರಲ್ಲಿದೆ. 950ರ ಪುಟ್‌ಗೆ ಬೆಲೆಯೇ ಇಲ್ಲ, 25 ಹೋಯಿತು. ಅಪಾಯ ಇನ್ನೂ ಉಳಿದಿರುವುದರಿಂದ 5% ಕೆಳಗಿನ ಇನ್ನೊಂದು ಪುಟ್, ಸ್ಟ್ರೈಕ್ 912, ಪ್ರೀಮಿಯಂ 24. ಷೇರು ಜಾರಿ 920ಕ್ಕೆ ಬರುತ್ತದೆ, ಇದೂ ವ್ಯರ್ಥ. ಮೂರನೆಯದು 874ರದ್ದು, ಪ್ರೀಮಿಯಂ 23. ಷೇರು 885ಕ್ಕೆ ನಿಲ್ಲುತ್ತದೆ. ಒಂಬತ್ತು ತಿಂಗಳಲ್ಲಿ ಷೇರಿನ ನಷ್ಟ 115, ವಿಮೆಯ ಖರ್ಚು 72. ಮೂರು ಸಲ ಪ್ರೀಮಿಯಂ ಕಟ್ಟಿದರೂ ಒಂದು ಸಲವೂ ಪರಿಹಾರ ಸಿಗಲಿಲ್ಲ, ಏಕೆಂದರೆ ಪ್ರತಿ ಸಲ ಪುಟ್ ಬದಲಿಸಿದಾಗ ರಕ್ಷಣೆಯ ಗೆರೆಯೂ ಷೇರಿನ ಜೊತೆಗೇ ಕೆಳಗಿಳಿದಿತ್ತು. ನಿಧಾನವಾಗಿ ಜಾರುವ ಷೇರಿನಲ್ಲಿ ಆಗುವುದು ಇದೇ.

ಇನ್ನೊಂದು ತೊಡಕು, ಅಪಾಯ ಎದುರಿಗಿರುವಾಗ ಪುಟ್ ಅಗ್ಗವಾಗಿ ಸಿಗುವುದಿಲ್ಲ. ತೀರ್ಪಿನ ದಿನಾಂಕ ಮಾರುವವರಿಗೂ ಗೊತ್ತು. ದೊಡ್ಡ ಏರಿಳಿತದ ನಿರೀಕ್ಷೆ ಪ್ರೀಮಿಯಂನೊಳಗೆ ಸೇರಿಕೊಂಡು 25ರ ಪುಟ್ 40 ಆಗಿರಬಹುದು. ತೀರ್ಪು ಬಂದು ಷೇರು 970ಕ್ಕಷ್ಟೇ ಇಳಿದರೆ ಆ ನಿರೀಕ್ಷೆ ಕರಗುತ್ತದೆ; ಷೇರು ಇಳಿದಿದ್ದರೂ ಪುಟ್ 34ಕ್ಕೆ ಇಳಿದಿರುವುದು ಅಸಾಧ್ಯವೇನಲ್ಲ. ಸಾಮಾನ್ಯ ದಿನಗಳಲ್ಲೂ ಇಂಥ ಪುಟ್ ಷೇರಿನ ಇಳಿತವನ್ನು ಪೂರ್ತಿ ತುಂಬಿಕೊಡುವುದಿಲ್ಲ. ಕೊಂಡ ಹೊಸತರಲ್ಲಿ ಷೇರು 10 ಇಳಿದರೆ ಪುಟ್ ಏರುವುದು ಸುಮಾರು 3. ಪೂರ್ತಿ ರಕ್ಷಣೆ ಇರುವುದು ಸ್ಟ್ರೈಕ್‌ನಿಂದ ಕೆಳಗೆ, ಎಕ್ಸ್‌ಪೈರಿಯ ಹೊತ್ತಿಗೆ.

ಕೊಳ್ಳುವ ಮುಂಚೆ ಆಪ್ಷನ್ ಪಟ್ಟಿಯಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಎಷ್ಟು ಅಂತರವಿದೆ ನೋಡಿ. 22 ಮತ್ತು 28 ಎಂದಿದ್ದರೆ, ಕೊಂಡ ಮರುಕ್ಷಣವೇ ಮಾರಿದರೂ 6 ಕೈಬಿಡುತ್ತದೆ. ವ್ಯವಹಾರ ವಿರಳವಾದ ಷೇರುಗಳಲ್ಲಿ ಕುಸಿತದ ದಿನವೇ ಈ ಅಂತರ ಇನ್ನಷ್ಟು ಅಗಲವಾಗುತ್ತದೆ. ಎಕ್ಸ್‌ಪೈರಿಯ ದಿನ ಮಾತ್ರ ಹಕ್ಕು ಚಲಾಯಿಸಬಹುದಾದ ಯುರೋಪಿಯನ್ ಮಾದರಿಯ ಪುಟ್ ಆದರೆ, ಅದಕ್ಕೂ ಮೊದಲು ಹೊರಬರಲು ಸಿಕ್ಕ ಬೆಲೆಗೆ ಮಾರುವುದೊಂದೇ ದಾರಿ.

ಭಯವಿದ್ದರೆ 500ರಲ್ಲಿ 150 ಷೇರು ಮಾರಿಬಿಡುವುದು ಸರಳ. ಒಪ್ಪಲೇಬೇಕಾದ ಮಾತೆಂದರೆ, ಬೆಲೆ 780ಕ್ಕೆ ಒಮ್ಮೆಲೇ ಬಿದ್ದರೆ ಮಿಕ್ಕ 350ರ ಮೇಲೆ 77,000 ಹೋಗುತ್ತದೆ, ಪುಟ್ ಇದ್ದವರಿಗೆ 37,500 ಮಾತ್ರ. ಆದರೆ ಬೆಲೆ ಜಾರುತ್ತ 885ಕ್ಕೆ ಬಂದರೆ, ಷೇರು ಮಾರಿದವರ ನಷ್ಟ 40,250; ಮೂರು ಸಲ ಪುಟ್ ಕೊಂಡವರದ್ದು 93,500.