ಅರವತ್ತಾರು ಕಿಲೋಮೀಟರಿನ ಸಂಭ್ರಮ

ಮೊನ್ನೆ ಮೊಬೈಲಿಗೆ ಒಂದು ಸಂದೇಶ ಬಂತು. "ಇಂದು ರಾತ್ರಿ ಸೂಪರ್‌ಮೂನ್! ಚಂದ್ರ 14 ಪಟ್ಟು ದೊಡ್ಡದಾಗಿ ಕಾಣಲಿದ್ದಾನೆ, ತಪ್ಪದೆ ನೋಡಿ." ಹದಿನಾಲ್ಕು ಪಟ್ಟು! ಚಂದ್ರ ಅಷ್ಟು ದೊಡ್ಡದಾಗಿ ಕಾಣಬೇಕಾದರೆ ಅವನು 27,000 ಕಿಲೋಮೀಟರಿನಷ್ಟು ಹತ್ತಿರ ಬರಬೇಕು. ನಮ್ಮ ಟಿವಿ ಉಪಗ್ರಹಗಳು ಸುತ್ತುವುದೇ 36,000 ಕಿಲೋಮೀಟರ್ ಎತ್ತರದಲ್ಲಿ. ಅವುಗಳಿಗಿಂತ ಒಳಗೆ ಚಂದ್ರ ಬಂದು ನಿಂತರೆ, ಯಾರೂ ಯಾರಿಗೂ ತಪ್ಪದೆ ನೋಡಿ ಅಂತ ಹೇಳುವ ಅಗತ್ಯ ಇರುವುದಿಲ್ಲ.

ಆಗಿರುವುದು ಇಷ್ಟೇ. ಮೂಲದಲ್ಲಿ ಯಾರೋ ಶೇಕಡಾ 14 ಎಂದು ಬರೆದಿದ್ದರು. ಕೈಯಿಂದ ಕೈಗೆ ದಾಟುವಾಗ ಶೇಕಡಾ ಬಿದ್ದುಹೋಗಿ ಪಟ್ಟು ಬಂದು ಸೇರಿಕೊಂಡಿದೆ. ಆ ಶೇಕಡಾ 14 ಕೂಡ ಪೂರ್ತಿ ಪ್ರಾಮಾಣಿಕ ಲೆಕ್ಕವಲ್ಲ. ಅದು ಅತಿ ದೂರದ ಹುಣ್ಣಿಮೆ ಚಂದ್ರನಿಗೆ ಹೋಲಿಸಿದಾಗ ಸಿಗುವ ಅಂಕಿ. ಸಾಧಾರಣ ಹುಣ್ಣಿಮೆಗೆ ಹೋಲಿಸಿದರೆ ಅಗಲದಲ್ಲಿ ಹೆಚ್ಚಾಗುವುದು ಶೇಕಡಾ 7ರ ಆಸುಪಾಸು. ದೂರದ ಹುಣ್ಣಿಮೆಗೂ ಹತ್ತಿರದ ಹುಣ್ಣಿಮೆಗೂ ನಡುವೆ ತಿಂಗಳುಗಳ ಅಂತರ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ಫೋಟೋ ಜೋಡಿಸುವವರಿಗೆ ಮಾತ್ರ. ಉಳಿದ ನಾವು ನೆನಪಿನಲ್ಲಿರುವ ಚಂದ್ರನ ಜೊತೆ ಅಳೆದು ನೋಡಬೇಕು. ಕಳೆದ ಹುಣ್ಣಿಮೆಯ ಚಂದ್ರ ಎಷ್ಟಗಲ ಇದ್ದ ಅಂತ ಯಾರಿಗೆ ನೆನಪಿದೆ ಹೇಳಿ.

ಖಗೋಳದವರ ಹತ್ತಿರ ಇದಕ್ಕೆ ಮೊದಲಿಂದಲೂ ಒಂದು ಸಪ್ಪೆ ಪದ ಇತ್ತು: ಪೆರಿಜಿ. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಪ್ರತಿ ಸುತ್ತಿನಲ್ಲೂ ಒಂದು ಕಡೆ ಅವನು ಭೂಮಿಗೆ ಹತ್ತಿರ, ಇನ್ನೊಂದು ಕಡೆ ದೂರ. ಹತ್ತಿರದ ಆ ಜಾಗವೇ ಪೆರಿಜಿ, ದೂರದ್ದು ಅಪೋಜಿ. ಸುಮಾರು ಇಪ್ಪತ್ತೇಳೂವರೆ ದಿನಕ್ಕೊಮ್ಮೆ ಚಂದ್ರ ಪೆರಿಜಿಗೆ ಬರುತ್ತಾನೆ, ಹೋಗುತ್ತಾನೆ, ಯಾರೂ ಕೇಳುವುದಿಲ್ಲ. ಹುಣ್ಣಿಮೆ ಬರುವುದು ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆ. ಲೆಕ್ಕ ಹೀಗೆ ಎರಡು ದಿನ ಹಿಂದೆಮುಂದೆ ಇರುವುದರಿಂದ ಇವೆರಡೂ ಯಾವಾಗಲೂ ಒಟ್ಟಿಗೆ ಬೀಳುವುದಿಲ್ಲ. ಹದಿನಾಲ್ಕು ಹುಣ್ಣಿಮೆ ಕಳೆಯುವಷ್ಟರಲ್ಲಿ ಹದಿನೈದು ಪೆರಿಜಿ ಆಗಿ, ಮತ್ತೆ ಜೊತೆಯಾಗುತ್ತವೆ. ಆಗಲೂ ಒಂದೇ ಅಲ್ಲ, ಅದರ ಹಿಂದಿನದು, ಮುಂದಿನದು ಸೇರಿ ಮೂರು ನಾಲ್ಕು ಹುಣ್ಣಿಮೆಗಳು ಪೆರಿಜಿಯ ಹತ್ತಿರ ಸಾಲಾಗಿ ಬರುತ್ತವೆ. ವರ್ಷಕ್ಕೆ ಮೂರು ನಾಲ್ಕು ಸಲ ಬರುವುದನ್ನು ಅಪರೂಪ ಅಂತ ಕರೆಯುವುದು ಹೇಗೆ ಅಂತ ನನಗೆ ಅರ್ಥವಾಗಿಲ್ಲ.

ಸೂಪರ್‌ಮೂನ್ ಎಂಬ ಹೆಸರು ಖಗೋಳದವರದಲ್ಲ. 1979ರಲ್ಲಿ ಅಮೆರಿಕದ ರಿಚರ್ಡ್ ನೋಲ್ ಎಂಬ ಜ್ಯೋತಿಷಿ ಒಂದು ಜ್ಯೋತಿಷ್ಯ ಪತ್ರಿಕೆಯಲ್ಲಿ ಇದನ್ನು ಬಳಸಿದರು. ಅವರ ಲೆಕ್ಕದಲ್ಲಿ ಚಂದ್ರ ಅತಿ ದೂರದಿಂದ ಅತಿ ಹತ್ತಿರಕ್ಕೆ ಬರುವ ದಾರಿಯಲ್ಲಿ ಶೇಕಡಾ 90ರಷ್ಟಾದರೂ ಹತ್ತಿರ ಬಂದಿದ್ದು, ಆಗ ಹುಣ್ಣಿಮೆಯೋ ಅಮಾವಾಸ್ಯೆಯೋ ಆಗಬೇಕು, ಅಷ್ಟೆ. 90 ಯಾಕೆ, 85 ಯಾಕಲ್ಲ? ಅದಕ್ಕೆ ಖಗೋಳದಲ್ಲಿ ಯಾವ ಕಾರಣವೂ ಇಲ್ಲ. ಒಂದು ಗೆರೆ ಬೇಕಿತ್ತು, ಎಳೆದರು. ಅದರ ಫಲ 2023ರಲ್ಲಿ ಚೆನ್ನಾಗಿ ಕಂಡಿತು. ಆ ವರ್ಷ ಆಗಸ್ಟ್ 1 ಮತ್ತು 31ರ ಹುಣ್ಣಿಮೆಗಳಲ್ಲಿ ಚಂದ್ರ 3,57,000 ಕಿಲೋಮೀಟರ್ ಚಿಲ್ಲರೆ ದೂರದಲ್ಲಿದ್ದ. ಜುಲೈ 3 ಮತ್ತು ಸೆಪ್ಟೆಂಬರ್ 29ರಲ್ಲಿ 3,61,000 ಚಿಲ್ಲರೆ. ಶೇಕಡಾ 90ರ ಲೆಕ್ಕ ಹಿಡಿದವರು ಆ ವರ್ಷ ನಾಲ್ಕು ಸೂಪರ್‌ಮೂನ್ ಎಂದರು. 3,60,000ಕ್ಕೆ ಗೆರೆ ಎಳೆದವರು ಎರಡೇ ಎಂದರು. ಚಂದ್ರ ಮಾತ್ರ ತನ್ನ ಪಾಡಿಗೆ ತಾನಿದ್ದ.

ಸುದ್ದಿಯವರು ಮಾತ್ರ ಈ ಹೆಸರನ್ನು ಬಿಡುವುದಿಲ್ಲ. 2016ರ ನವೆಂಬರ್ 14ರ ಕಥೆ ಹೇಳಿಬಿಡುತ್ತೇನೆ, ಯಾಕೆಂದರೆ ಅದು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ದಿನದ್ದು ಬರೀ ಸೂಪರ್‌ಮೂನ್ ಅಲ್ಲ. 1948ರ ಜನವರಿಯ ನಂತರ ಅತಿ ಹತ್ತಿರದ ಹುಣ್ಣಿಮೆ ಚಂದ್ರ, ಹತ್ತಿರ ಹತ್ತಿರ ಎಪ್ಪತ್ತು ವರ್ಷಕ್ಕೆ ಒಮ್ಮೆ ಬಂದ ಯೋಗ ಅಂತ ಎಲ್ಲ ಕಡೆ ಸುದ್ದಿ. ಸಂಜೆ ದೊಡ್ಡಪ್ಪನ ಮಗ ಫೋನ್ ಮಾಡಿದ.

"ಮೇಲೆ ಹೋಗಿ ನೋಡಿದ್ಯೇನೋ?"

"ನೋಡಿದೆ ಅಣ್ಣ."

"ಎಷ್ಟು ದೊಡ್ಡದಿದೆ ಅಲ್ವಾ! ನಿನ್ನೆ ಇಷ್ಟು ಇರ್ಲೇ ಇಲ್ಲ ಕಣೋ."

ನಿನ್ನೆಗೂ ಇವತ್ತಿಗೂ ಅರ್ಧ ಪರ್ಸೆಂಟಿನಷ್ಟೂ ವ್ಯತ್ಯಾಸ ಇಲ್ಲ ಅಣ್ಣ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನಗೆ ಒಂದು ಚಂದ್ರನ್ನ ನೋಡಿ ಖುಷಿಪಡೋಕೂ ಬರಲ್ವಲ್ಲೋ" ಅಂದು ಫೋನ್ ಇಟ್ಟ. ಖುಷಿಪಡೋಕೆ ನನಗೆ ಬರುತ್ತದೆ. ಸುಮ್ನೆ ಬೇರೆಯವರು ಹೇಳಿದ ಕಾರಣಕ್ಕೆ ಪಡೋಕೆ ಬರುವುದಿಲ್ಲ, ಅಷ್ಟೆ.

ಸರಿ, ಎಪ್ಪತ್ತು ವರ್ಷದ ಆ ದಾಖಲೆ ಎಷ್ಟು ದೊಡ್ಡದು ನೋಡೋಣ. 2016ರ ಆ ದಿನ ಪೆರಿಜಿಯಲ್ಲಿ ಚಂದ್ರ ಸುಮಾರು 3,56,509 ಕಿಲೋಮೀಟರ್ ದೂರದಲ್ಲಿದ್ದ. ಅದಕ್ಕೆ ಐದು ವರ್ಷ ಮುಂಚೆ, 2011ರ ಮಾರ್ಚ್ 19ರ ಹುಣ್ಣಿಮೆಯಲ್ಲಿ ಸುಮಾರು 3,56,575. ಕಳೆದರೆ ಉಳಿಯುವುದು 66 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಕಿಟಕಿಗೆ ತಲೆ ಆನಿಸಿ ಒಂದು ನಿದ್ದೆ ಮುಗಿಸುವಷ್ಟು ದೂರ. ಈ 66 ಕಿಲೋಮೀಟರ್ ಹತ್ತಿರ ಬಂದದ್ದರಿಂದ ಚಂದ್ರ ಎಷ್ಟು ದೊಡ್ಡದಾದ ಎಂದರೆ, ನಮ್ಮ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ಅಂತರದ ನೂರರಲ್ಲಿ ಒಂದು ಪಾಲೂ ಅಲ್ಲ.

ಇದಕ್ಕಿಂತ ಮಜಾ ಇನ್ನೊಂದಿದೆ. ಈ ದೂರಗಳೆಲ್ಲ ಭೂಮಿಯ ನಡುವಿನಿಂದ ಚಂದ್ರನ ನಡುವಿಗೆ ಅಳೆದವು. ಭೂಮಿಯ ನಡುವಿನಲ್ಲಿ ನಿಂತು ಚಂದ್ರನನ್ನು ನೋಡುವವರು ಯಾರೂ ಇಲ್ಲ. ನಾವಿರುವುದು ಮೇಲ್ಮೈಯಲ್ಲಿ, ಅದು ತಿರುಗುತ್ತಲೇ ಇರುತ್ತದೆ. ಚಂದ್ರ ಹುಟ್ಟುವಾಗ ಅವನು ನಮ್ಮ ಪಕ್ಕಕ್ಕೆ ಇರುತ್ತಾನೆ, ನೆತ್ತಿಗೆ ಬಂದಾಗ ನಾವು ಭೂಮಿಯ ಅರ್ಧ ದಪ್ಪದಷ್ಟು, ಅಂದರೆ 6,000 ಕಿಲೋಮೀಟರಿಗೂ ಜಾಸ್ತಿ, ಅವನಿಗೆ ಹತ್ತಿರವಾಗಿರುತ್ತೇವೆ. ದಾಖಲೆಯ ಅಂತರಕ್ಕಿಂತ ಇದು ನೂರು ಪಟ್ಟಿನ ಹತ್ತಿರ. ಭೂಮಧ್ಯರೇಖೆಯ ಆಸುಪಾಸಿನಲ್ಲಿ ನೆಲ ಸೆಕೆಂಡಿಗೆ ಸುಮಾರು 465 ಮೀಟರಿನಂತೆ ಪೂರ್ವಕ್ಕೆ ಓಡುತ್ತಿದೆ, ಹುಟ್ಟುವ ಚಂದ್ರ ಇರುವುದೂ ಆ ದಿಕ್ಕಿನಲ್ಲೇ. ಲೆಕ್ಕ ಹಾಕಿ. ಮಾಳಿಗೆಯಲ್ಲಿ ಸುಮ್ಮನೆ ನಿಂತವನು ಎರಡೂವರೆ ನಿಮಿಷದೊಳಗೆ ಚಂದ್ರನಿಗೆ 66 ಕಿಲೋಮೀಟರ್ ಹತ್ತಿರ ಹೋಗಿರುತ್ತಾನೆ. ಕ್ಯಾಮೆರಾ ಸ್ಟ್ಯಾಂಡಿನ ಕಾಲು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಎಪ್ಪತ್ತು ವರ್ಷದ ದಾಖಲೆ ಅಲ್ಲಿಗಲ್ಲಿಗೆ ಸರಿಹೋಯಿತು.

ಆದರೂ ಸುದ್ದಿಯಲ್ಲಿ ಏನು ಹೇಳುತ್ತಾರೆ? ಚಂದ್ರ ಹುಟ್ಟುವಾಗಲೇ ನೋಡಿ, ಆಗ ಅತಿ ದೊಡ್ಡದಾಗಿ ಕಾಣುತ್ತಾನೆ. ಕಾಣುವುದು ನಿಜ. ದಿಗಂತದ ಹತ್ತಿರ ಚಂದ್ರ ಯಾವಾಗಲೂ ದೊಡ್ಡದಾಗಿ ಕಾಣುತ್ತಾನೆ, ಅತಿ ದೂರದ ಹುಣ್ಣಿಮೆಯಲ್ಲೂ. ಅದು ನಮ್ಮ ತಲೆ ಮಾಡುವ ಕೆಲಸ, ಚಂದ್ರನದಲ್ಲ. ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಹುಟ್ಟುವಾಗಲೂ ನೆತ್ತಿಯಲ್ಲೂ ಚಂದ್ರ ಬೆರಳಿನ ಅರ್ಧ ಅಗಲದೊಳಗೆ ಮುಗಿಯುತ್ತಾನೆ. ಕ್ಯಾಮೆರಾದಲ್ಲಿ ಅಳೆದರೆ ಹುಟ್ಟುವಾಗಲೇ ಕೂದಲೆಳೆಯಷ್ಟು ಚಿಕ್ಕದು. ಅಂದರೆ ಪೆರಿಜಿಯ ಲಾಭ ನೋಡಿ ಅಂತ ಕರೆದು, ಆ ರಾತ್ರಿಯಲ್ಲಿ ಅವನು ನಮಗೆ ದೂರ ಇರುವ ಹೊತ್ತಿಗೇ ನಿಲ್ಲಿಸುತ್ತಾರೆ. ಜನ ನೋಡುವುದು ದಿನನಿತ್ಯದ ಭ್ರಮೆ, ಹೆಸರು ಬರುವುದು ಪೆರಿಜಿಗೆ.

ಇಷ್ಟರವರೆಗೆ ನಗಬಹುದು. 2011ರಲ್ಲಿ ನಡೆದದ್ದಕ್ಕೆ ನನಗೆ ನಗು ಬರುವುದಿಲ್ಲ. ಆ ಮಾರ್ಚ್ 19ರ ಸೂಪರ್‌ಮೂನ್ ಭೂಕಂಪ ತರುತ್ತದೆ ಎಂದು ಮೊದಲೇ ಹೇಳುತ್ತಿದ್ದರು. ಮಾರ್ಚ್ 11ಕ್ಕೆ ಜಪಾನಿನಲ್ಲಿ ಭೂಕಂಪ, ಸುನಾಮಿ. ನೋಡಿದಿರಾ, ಹೇಳಿರಲಿಲ್ಲವೇ ಅಂದರು. ಮಾರ್ಚ್ 6ರಂದು ಚಂದ್ರ ಅಪೋಜಿಯಲ್ಲಿದ್ದ, ಅಂದರೆ ಅತಿ ದೂರದಲ್ಲಿ. 11ರಂದು ಆ ದೂರದಿಂದ ಹೊರಟು ಐದು ದಿನ ಆಗಿತ್ತು, ಇನ್ನೂ ಅರ್ಧಚಂದ್ರ ಕೂಡ ಆಗಿರಲಿಲ್ಲ, ಸರಾಸರಿಗಿಂತ ದೂರದಲ್ಲೇ ಇದ್ದ. ಸಾವಿರಾರು ಜನ ಸತ್ತ ಮನೆಯಲ್ಲಿ ನಿಂತು ಇಷ್ಟು ಸಣ್ಣ ಲೆಕ್ಕವನ್ನೂ ನೋಡದೆ ಮಾತಾಡಿದವರನ್ನು ಏನು ಅನ್ನಬೇಕೋ ನನಗೆ ಗೊತ್ತಾಗುವುದಿಲ್ಲ. ಏನೂ ಅನ್ನದಿರುವುದೇ ಒಳ್ಳೆಯದು.

ಹಾಗಂತ ಪೆರಿಜಿಯಿಂದ ಏನೂ ಆಗುವುದಿಲ್ಲ ಅಂತಲ್ಲ. ಅದರ ಬಗ್ಗೆ ನಿಜವಾಗಿ ತಲೆಕೆಡಿಸಿಕೊಳ್ಳುವುದು ಸಮುದ್ರ. ನೀರನ್ನು ಉಬ್ಬಿಸುವ ಚಂದ್ರನ ಶಕ್ತಿ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಸರಾಸರಿ ದೂರದಿಂದ ಪೆರಿಜಿಗೆ ಬರುವಾಗ ದೂರ ಶೇಕಡಾ 7ರಷ್ಟು ಕಡಿಮೆಯಾದರೆ, ಎಳೆತ ಶೇಕಡಾ 25ರಷ್ಟು ಜಾಸ್ತಿಯಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯನ ಎಳೆತವೂ ಜೊತೆ ಸೇರುತ್ತದೆ. ಸಾಮಾನ್ಯವಾಗಿ ಇದರಿಂದ ನೀರು ಏರುವುದು ಕೆಲವು ಸೆಂಟಿಮೀಟರ್ ಹೆಚ್ಚು ಮಾತ್ರ. ಅದೇ ಹೊತ್ತಿಗೆ ಬಿರುಗಾಳಿಯೊಂದು ದಡಕ್ಕೆ ನೀರು ತಳ್ಳಿತೋ, ಆ ಕೆಲವು ಸೆಂಟಿಮೀಟರ್ ಗೋಡೆ ದಾಟಿ ಒಳಗೆ ಬರುವುದಕ್ಕೆ ಸಾಕು. ಉಬ್ಬರ ಇಳಿತದ ಪಟ್ಟಿ ಮಾಡುವವರು ಪೆರಿಜಿ ಎಂಬ ಸಪ್ಪೆ ಪದವನ್ನು ಬಿಡದೆ ಇಟ್ಟುಕೊಂಡಿರುವುದು ಇದಕ್ಕೇ.

ನೋಲ್ ಗೆರೆಯ ಒಳಗೆ ಅಮಾವಾಸ್ಯೆಯೂ ಇದೆ ಅಂದೆನಲ್ಲ. ಪೆರಿಜಿಯಲ್ಲಿ ಬಂದ ಅಮಾವಾಸ್ಯೆಯೂ ಅವರ ಲೆಕ್ಕದಲ್ಲಿ ಸೂಪರ್‌ಮೂನ್. ಸಮುದ್ರ ಅದಕ್ಕೂ ಹುಣ್ಣಿಮೆಯಷ್ಟೇ ಮರ್ಯಾದೆ ಕೊಡುತ್ತದೆ, ಬಂದರಿನ ಮೆಟ್ಟಿಲ ಮೇಲೆ ಸ್ವಲ್ಪ ಜಾಸ್ತಿಯೇ ಹತ್ತಿಬರುತ್ತದೆ. ಮಾಳಿಗೆಗೆ ಹೋಗಿ ಅಂತ ಆ ರಾತ್ರಿ ನನಗೆ ಯಾರೂ ಸಂದೇಶ ಕಳಿಸಿಲ್ಲ. ಕಳಿಸಿದರೂ ಅಣ್ಣ ಫೋಟೋ ತೆಗೆಯುವುದಾದರೂ ಯಾವುದನ್ನು?