ಟೊಳ್ಳು ಬಳೆಯ ನೆಗ್ಗು ಸುಲಭಕ್ಕೆ ಹೋಗಲ್ಲ

“ನೆಗ್ಗು ಬಿದ್ದರೂ ಅಕ್ಕಸಾಲಿಗರು ಸುಲಭವಾಗಿ ಸರಿಮಾಡುತ್ತಾರೆ.”

ಈ ಮಾತು ಗಟ್ಟಿ ಬಳೆಗೆ ಸರಿ, ಟೊಳ್ಳಿಗೆ ಅಲ್ಲ. ನನ್ನ 8 ಗ್ರಾಂ ಟೊಳ್ಳು ಬಳೆ ಬಾಗಿಲ ಚಿಲಕಕ್ಕೆ ಬಡಿದು ಹೆಸರುಕಾಳಿನಷ್ಟು ತಗ್ಗಾಯಿತು. ಗಟ್ಟಿ ಬಳೆ ಸೊಟ್ಟಗಾದರೆ ಮರದ ಸುತ್ತಿಗೆಯಿಂದ ತಟ್ಟಿ ಮತ್ತೆ ದುಂಡಗೆ ಮಾಡಬಹುದು. ಟೊಳ್ಳು ಬಳೆಯಲ್ಲಿ ಒಳಗಿನಿಂದ ತಳ್ಳಲು ದಾರಿಯೇ ಇಲ್ಲ, ಹೊರಗಿನಿಂದ ತಟ್ಟಿದರೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಬೆಸುಗೆ ಹಾಕೋಣವೆಂದರೆ ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗುತ್ತದೆ, ಅದಕ್ಕೊಂದು ಸಣ್ಣ ತೂತು ಬಿಡಬೇಕು. ತೆಳು ತಗಡು ಕರಗುವ ಭಯ ಬೇರೆ. ನಮ್ಮ ಅಕ್ಕಸಾಲಿಗರು ಬಳೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ‘ಕರಗಿಸಿ ಹೊಸದು ಮಾಡಿಸ್ಕೊಳ್ಳಮ್ಮ’ ಅಂದರು. ಮಜೂರಿ ಮತ್ತೆ ಕೊಟ್ಟೆ. ಅಷ್ಟೇ ತೂಕದ ಗಟ್ಟಿ ಬಳೆ ಸಣ್ಣಗೆ ಕಾಣುತ್ತದೆ ನಿಜ, ಆದರೆ ದಿನಾ ಪಾತ್ರೆ ತೊಳೆಯುವ ಕೈಗೆ ಈಗ ಅದನ್ನೇ ಹಾಕುತ್ತೇನೆ.